ಲೇಖಕರ ನಿಲುವು, ಧಾಟಿ, ಉದ್ದೇಶ: ಕಠಿಣ ಗದ್ಯಭಾಗದ ಪ್ರಶ್ನೆಗಳಿಗೆ ಉತ್ತರಿಸುವ ಕ್ರಮ

ಶಿರಸಿಯಲ್ಲಿ ಸಂಜೆ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳ ಉತ್ತರಗಳನ್ನು ತಿದ್ದುವಾಗ ನನಗೆ ಮತ್ತೆ ಮತ್ತೆ ಕಾಣುವುದು ಒಂದೇ ಚಿತ್ರ. ಗದ್ಯಭಾಗದಲ್ಲಿ ಏನು ಹೇಳಿದೆ ಎಂದು ಕೇಳಿದ ಪ್ರಶ್ನೆಗಳೆಲ್ಲ ಸರಿಯಾಗಿರುತ್ತವೆ. ಲೇಖಕರ ನಿಲುವೇನು, ಬರಹದ ಧಾಟಿ ಎಂಥದು, ಇದನ್ನು ಬರೆದ ಉದ್ದೇಶವೇನು ಎಂಬ ಮೂರು ಪ್ರಶ್ನೆಗಳು ಮಾತ್ರ ತಪ್ಪಿರುತ್ತವೆ. ಗದ್ಯ ಅರ್ಥವಾಗದೆ ತಪ್ಪಿದ್ದಲ್ಲ ಇದು. ಅರ್ಥವಾದ ಮೇಲೆ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ನೋಡಬೇಕು ಎಂಬ ಕ್ರಮ ಇಲ್ಲದ್ದರಿಂದ ತಪ್ಪಿದ್ದು. ಆ ಕ್ರಮವನ್ನು ಇಲ್ಲಿ ಒಂದೇ ಗದ್ಯಭಾಗವನ್ನು ಇಟ್ಟುಕೊಂಡು ಕೊನೆಯವರೆಗೂ ಮಾಡಿ ತೋರಿಸುತ್ತೇನೆ.

ಬೇಕಾದ ಸಾಮಗ್ರಿ ಕಡಿಮೆ: ಒಂದು ಪೆನ್ಸಿಲ್, ಒಂದು ರಫ್ ಹಾಳೆ, ಸಮಯ ನೋಡಲು ಗಡಿಯಾರ. ಕ್ಯಾಟ್‌ನಂಥ ಪರೀಕ್ಷೆ ಕಂಪ್ಯೂಟರಿನ ಮೇಲೆ ನಡೆಯುವುದರಿಂದ ಗದ್ಯದ ಮೇಲೆ ಗೆರೆ ಎಳೆಯುವಂತಿಲ್ಲ. ಅಂಥ ಪರೀಕ್ಷೆಗೆ ಓದುವವರು ಮೊದಲಿನಿಂದಲೇ ಗುರುತುಗಳನ್ನು ರಫ್ ಹಾಳೆಯಲ್ಲಿ ಹಾಕಿಕೊಳ್ಳುವ ಅಭ್ಯಾಸ ಮಾಡಬೇಕು.

ಅಭ್ಯಾಸದ ಗದ್ಯಭಾಗ

ಈ ಗದ್ಯವನ್ನು ಅಭ್ಯಾಸಕ್ಕೆಂದು ನಾನೇ ಬರೆದಿದ್ದೇನೆ. ಇದನ್ನು ಪ್ರಶ್ನೆಪತ್ರಿಕೆಯ ಗದ್ಯವೆಂದು ಓದಿಕೊಳ್ಳಬೇಕೇ ಹೊರತು ಕುಮಟಾ ಕಡೆಯ ಗಜನಿಯ, ಅಂದರೆ ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ ಚರಿತ್ರೆಯೆಂದಲ್ಲ.

"ಅಘನಾಶಿನಿಯ ಅಳಿವೆಯ ಗಜನಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುವ ರೈತರು ಉಪ್ಪುನೀರು ತಡೆಯುವ ಮಣ್ಣಿನ ಒಡ್ಡನ್ನು ವರ್ಷವರ್ಷವೂ ತಾವೇ ಕಟ್ಟಿಕೊಳ್ಳುತ್ತಿದ್ದರು. ಆ ಶ್ರಮ ಸಣ್ಣದಾಗಿರಲಿಲ್ಲ; ಒಂದು ರಾತ್ರಿಯ ದೊಡ್ಡ ಉಬ್ಬರ ಇಡೀ ಊರಿನ ಬೆಳೆಯನ್ನು ನುಂಗಬಹುದಿತ್ತು. ಆದ್ದರಿಂದ ಶಾಶ್ವತ ಒಡ್ಡು ಕಟ್ಟಿಸಲು ಸರ್ಕಾರ ಮುಂದಾದದ್ದು ತಪ್ಪಲ್ಲ. ಯೋಜನೆ ರೂಪಿಸಿದವರ ಉದ್ದೇಶವನ್ನು ಶಂಕಿಸಲು ಕಾರಣವೂ ಇಲ್ಲ. ಸಮರ್ಥಿಸುವವರು ಅದನ್ನು ಕರಾವಳಿ ಕೃಷಿಯ ಮರುಜನ್ಮವೆನ್ನುತ್ತಾರೆ. ವಿರೋಧಿಸುವವರು ಗಜನಿಯ ಮರಣಶಾಸನವೆನ್ನುತ್ತಾರೆ. ಒಡ್ಡು ನೀರನ್ನು ತಡೆಯಿತೆಂಬುದು ನಿಜ. ಆದರೆ ಒಡ್ಡು ಕಟ್ಟುವುದಕ್ಕೆಂದು ವರ್ಷಕ್ಕೊಮ್ಮೆ ಒಟ್ಟು ಸೇರುತ್ತಿದ್ದ ಊರು, ಆ ಕೆಲಸ ಇಲ್ಲದಾದ ಮೇಲೆ ಸೇರುವುದನ್ನೂ ಬಿಟ್ಟಿತು. ನೀರಿನ ಬಾಗಿಲನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಕೂಡಿ ನಿರ್ಧರಿಸುವವರು ಇಲ್ಲದಾಗ, ಗದ್ದೆಯನ್ನು ಸಿಗಡಿ ಸಾಕಣೆಗೆ ಕೊಡುವುದು ಒಬ್ಬೊಬ್ಬರ ಸ್ವಂತ ತೀರ್ಮಾನವಾಗಿಬಿಟ್ಟಿತು. ಮುಂದೆ ಇಂಥ ಒಡ್ಡು ಕಟ್ಟಿಸುವವರು ಸಿಮೆಂಟಿನ ಲೆಕ್ಕದ ಜೊತೆಗೆ ಬಾಗಿಲಿನ ಕೀಲಿ ಯಾರ ಕೈಯಲ್ಲಿರಬೇಕು ಎಂಬುದನ್ನೂ ಬರೆದಿಡುವುದು ಒಳ್ಳೆಯದು."

ಮೊದಲ ಪ್ರಶ್ನೆ: ಶಾಶ್ವತ ಒಡ್ಡಿನ ಯೋಜನೆಯ ಬಗ್ಗೆ ಲೇಖಕರ ನಿಲುವು ಯಾವುದು? (ಅ) ತೀವ್ರ ವಿರೋಧ. (ಆ) ಉದ್ದೇಶವನ್ನು ಒಪ್ಪಿ, ಪರಿಣಾಮದ ಬಗ್ಗೆ ಆಕ್ಷೇಪ. (ಇ) ಎರಡೂ ಪಕ್ಷಗಳಿಂದ ದೂರ ನಿಂತ ತಟಸ್ಥತೆ. (ಈ) ಹಳೆಯ ಕಾಲದ ಬಗ್ಗೆ ಹಂಬಲ.

ಎರಡನೆಯ ಪ್ರಶ್ನೆ: ಗದ್ಯದ ಧಾಟಿ ಎಂಥದು? (ಅ) ವ್ಯಂಗ್ಯದ್ದು. (ಆ) ಸಂಯಮದ, ಆದರೆ ಹತಾಶೆಯದು. (ಇ) ಸಂಯಮದ ವಿಮರ್ಶೆಯದು. (ಈ) ಆಕ್ರೋಶದ್ದು.

ಮೂರನೆಯ ಪ್ರಶ್ನೆ: ಲೇಖಕರ ಮುಖ್ಯ ಉದ್ದೇಶವೇನು? (ಅ) ಕಗ್ಗ ಬೇಸಾಯದ ಕ್ರಮವನ್ನು ವಿವರಿಸುವುದು. (ಆ) ಶಾಶ್ವತ ಒಡ್ಡುಗಳನ್ನು ತೆಗೆಯಬೇಕೆಂದು ವಾದಿಸುವುದು. (ಇ) ಒಳ್ಳೆಯ ಉದ್ದೇಶದ ಯೋಜನೆಯೊಂದು ಗಮನಿಸದೆ ಬಿಟ್ಟ ಪರಿಣಾಮವನ್ನು ತೋರಿಸಿ ತಿದ್ದುಪಡಿ ಸೂಚಿಸುವುದು. (ಈ) ಯೋಜನೆಯ ಪರ ಮತ್ತು ವಿರೋಧದ ವಾದಗಳನ್ನು ಹೋಲಿಸುವುದು.

ಮುಂದೆ ಓದುವ ಮೊದಲು ನಿಮ್ಮ ಮೂರು ಉತ್ತರಗಳನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ಹಂತ 1: ಪ್ರಶ್ನೆಯನ್ನು ಓದಿ, ಆಯ್ಕೆಗಳನ್ನು ಮುಚ್ಚಿಡಿ

ಗದ್ಯಕ್ಕೆ ಮೊದಲು ಪ್ರಶ್ನೆಯ ವಾಕ್ಯವನ್ನು ಮಾತ್ರ ಓದಬೇಕು. ನಾಲ್ಕು ಆಯ್ಕೆಗಳನ್ನು ಈಗಲೇ ಓದಿದರೆ, ಗದ್ಯ ಓದುವಾಗ ಕಣ್ಣು ಆ ನಾಲ್ಕು ಮಾತುಗಳನ್ನೇ ಹುಡುಕುತ್ತದೆ; ಅವುಗಳಲ್ಲಿ ಮೂರು ತಪ್ಪು ಮಾತುಗಳು ಎಂಬುದು ಮರೆತುಹೋಗುತ್ತದೆ.

ಪ್ರಶ್ನೆಯಲ್ಲಿ ಒಂದು ಪದದ ಕೆಳಗೆ ಗೆರೆ ಎಳೆಯಿರಿ: ನಿಲುವು ಯಾವುದರ ಬಗ್ಗೆ? ಇದನ್ನು ನಾನು ಗುರಿ ಎಂದು ಕರೆಯುತ್ತೇನೆ, ಮತ್ತು ತರಗತಿಯಲ್ಲಿ ಅತಿ ಹೆಚ್ಚು ಅಂಕ ಹೋಗುವುದು ಇಲ್ಲಿಯೇ. ಒಂದೇ ಗದ್ಯದಲ್ಲಿ ಲೇಖಕರಿಗೆ ನಾಲ್ಕಾರು ಸಂಗತಿಗಳ ಬಗ್ಗೆ ಬೇರೆ ಬೇರೆ ನಿಲುವು ಇರುತ್ತದೆ. ನಮ್ಮ ಗದ್ಯದಲ್ಲಿ ರೈತರ ಶ್ರಮದ ಬಗ್ಗೆ ಗೌರವವಿದೆ, ಯೋಜಕರ ಉದ್ದೇಶದ ಬಗ್ಗೆ ಒಪ್ಪಿಗೆಯಿದೆ, ಯೋಜನೆ ತಂದ ಪರಿಣಾಮದ ಬಗ್ಗೆ ಆಕ್ಷೇಪವಿದೆ. ಪ್ರಶ್ನೆ "ಯೋಜನೆ ರೂಪಿಸಿದವರ ಬಗ್ಗೆ" ಎಂದಿದ್ದರೆ ಉತ್ತರವೇ ಬೇರೆಯಾಗುತ್ತಿತ್ತು. ಗುರಿಯನ್ನು ಗುರುತಿಸದೆ ಗದ್ಯದ ಒಟ್ಟು ಭಾವದ ಮೇಲೆ ಉತ್ತರಿಸಿದವರು, ಗದ್ಯ ಚೆನ್ನಾಗಿ ಅರ್ಥವಾಗಿದ್ದರೂ ತಪ್ಪುತ್ತಾರೆ.

ಹಂತ 2: ಮಾತು ಯಾರದ್ದು ಎಂದು ಬೇರ್ಪಡಿಸಿ

ಈಗ ಗದ್ಯವನ್ನು ಓದುತ್ತ, ಅಭಿಪ್ರಾಯ ಇರುವ ಪ್ರತಿ ವಾಕ್ಯದ ಪಕ್ಕದಲ್ಲಿ ಎರಡರಲ್ಲಿ ಒಂದು ಗುರುತು ಹಾಕಿ. ಲೇಖಕರ ಸ್ವಂತ ಮಾತಾದರೆ "ಲೇ", ಬೇರೆಯವರ ಮಾತನ್ನು ಲೇಖಕರು ವರದಿ ಮಾಡುತ್ತಿದ್ದರೆ "ಪ", ಅಂದರೆ ಪರರದ್ದು. ಎನ್ನುತ್ತಾರೆ, ಎಂಬ ವಾದವಿದೆ, ಎಂದು ನಂಬಲಾಗಿದೆ, ಎಂದು ಕರೆಯುವುದುಂಟು ಎಂಬ ರೂಪಗಳು ಕಂಡಲ್ಲಿ "ಪ" ಹಾಕಬೇಕು.

ನಮ್ಮ ಗದ್ಯದ ಅತ್ಯಂತ ಬಿಸಿಯಾದ ಎರಡು ಪದಗಳು ಮರುಜನ್ಮ ಮತ್ತು ಮರಣಶಾಸನ. ಎರಡೂ "ಪ" ಗುರುತಿನವು. ಮೊದಲ ಪ್ರಶ್ನೆಗೆ "ತೀವ್ರ ವಿರೋಧ" ಎಂದು ಬರೆದವರನ್ನು ಕೇಳಿದರೆ ಹೆಚ್ಚಿನವರು ಬೆರಳಿಡುವುದು ಮರಣಶಾಸನ ಎಂಬ ಪದದ ಮೇಲೆ. ಪ್ರಶ್ನೆ ತೆಗೆಯುವವರಿಗೆ ಇದು ಗೊತ್ತಿರುತ್ತದೆ. ಇಂಥ ಪದಗಳನ್ನು ಪರರ ಬಾಯಲ್ಲಿ ಇಟ್ಟು, ಅದಕ್ಕೆ ತಕ್ಕ ಒಂದು ಆಯ್ಕೆಯನ್ನೂ ಕೆಳಗೆ ಕೊಡುತ್ತಾರೆ. ನೀವು ಆರಿಸಿದ ಉತ್ತರಕ್ಕೆ ಇರುವ ಆಧಾರವೆಲ್ಲ "ಪ" ಗುರುತಿನ ವಾಕ್ಯದಲ್ಲೇ ಇದ್ದರೆ, ಅದನ್ನು ಎಚ್ಚರಿಕೆಯ ಗಂಟೆಯೆಂದೇ ತಿಳಿದು ಮತ್ತೊಮ್ಮೆ ಗದ್ಯಕ್ಕೆ ಮರಳಬೇಕು.

ಎರಡು ಪಕ್ಷಗಳ ಮಾತನ್ನೂ ಕೊಟ್ಟಿದ್ದಾರೆ, ಆದ್ದರಿಂದ ಲೇಖಕರು ತಟಸ್ಥರು ಎಂಬ ತೀರ್ಮಾನವೂ ಇದೇ ಜಾಗದಲ್ಲಿ ಹುಟ್ಟುತ್ತದೆ. ಪರರ ಎರಡು ಮಾತುಗಳನ್ನು ವರದಿ ಮಾಡಿದ ಮೇಲೆ ಲೇಖಕರು ತಮ್ಮ ಮಾತನ್ನು ಹೇಳಿದ್ದಾರೆಯೇ ಎಂದು ಮುಂದಿನ ವಾಕ್ಯಗಳನ್ನು ನೋಡಬೇಕು. ಇಲ್ಲಿ "ನಿಜ" ಮತ್ತು "ಆದರೆ" ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ತಮ್ಮ ತೂಕದ ಮಾತು ಒಂದೂ ಇಲ್ಲದಿದ್ದಾಗ ಮಾತ್ರ ತಟಸ್ಥತೆ ಸರಿಯಾದ ಉತ್ತರ.

ಹಂತ 3: ತೂಕದ ಪದ ಮತ್ತು ತಿರುವಿನ ಪದ ಆರಿಸಿ

ಇನ್ನು "ಲೇ" ಗುರುತಿನ ವಾಕ್ಯಗಳು ಮಾತ್ರ ಉಳಿದವು. ಅವುಗಳಲ್ಲಿ ಒಳ್ಳೆಯದು ಕೆಟ್ಟದ್ದು ಎಂದು ತೂಗುವ ಪದಗಳಿಗೂ "ಆದರೆ"ಯಂಥ ತಿರುವಿನ ಪದಗಳಿಗೂ ಸುತ್ತು ಹಾಕಿ. ನಮ್ಮ ಗದ್ಯದಲ್ಲಿ ಸಿಗುವವು ಇವು: ಸಣ್ಣದಾಗಿರಲಿಲ್ಲ, ತಪ್ಪಲ್ಲ, ಶಂಕಿಸಲು ಕಾರಣವೂ ಇಲ್ಲ, ನಿಜ, ಆದರೆ, ಸೇರುವುದನ್ನೂ ಬಿಟ್ಟಿತು, ತೀರ್ಮಾನವಾಗಿಬಿಟ್ಟಿತು, ಒಳ್ಳೆಯದು.

ಕನ್ನಡದ ಗದ್ಯವಾದರೆ ತೂಕ ಎಷ್ಟೋ ಸಲ ಪೂರ್ತಿ ಪದದಲ್ಲಿ ಇರುವುದಿಲ್ಲ, ಪದಕ್ಕೆ ಅಂಟಿದ ಸಣ್ಣ ತುಂಡಿನಲ್ಲಿ ಇರುತ್ತದೆ. "ತೀರ್ಮಾನವಾಯಿತು" ಎಂದರೆ ಬರಿಯ ಸುದ್ದಿ. "ತೀರ್ಮಾನವಾಗಿಬಿಟ್ಟಿತು" ಎಂದರೆ ಹಾಗಾಗಬಾರದಿತ್ತು ಎಂಬ ವಿಷಾದ ಸೇರಿತು. "ಸೇರುವುದನ್ನು" ಎಂಬಲ್ಲಿಗೆ ಒಂದು ಉಕಾರ ದೀರ್ಘವಾಗಿ "ಸೇರುವುದನ್ನೂ" ಆದಾಗ, ಕೆಲಸದ ಜೊತೆಗೆ ಇನ್ನೊಂದೂ ಹೋಯಿತು ಎಂಬ ನಷ್ಟದ ಲೆಕ್ಕ ಬಂತು. "ತಜ್ಞರು" ಎನ್ನುವುದಕ್ಕೂ "ತಜ್ಞರೆನಿಸಿಕೊಂಡವರು" ಎನ್ನುವುದಕ್ಕೂ ಇರುವ ಅಂತರವನ್ನು ಮಾತಿನಲ್ಲಿ ನಾವೆಲ್ಲ ಗುರುತಿಸುತ್ತೇವೆ. ಪರೀಕ್ಷೆಯ ಗಡಿಬಿಡಿಯಲ್ಲಿ ಕಣ್ಣು ಇವುಗಳ ಮೇಲೆ ಜಾರಿಹೋಗುತ್ತದೆ. ಆದ್ದರಿಂದ ಬಿಡು, ಮಾತ್ರ, ಕೂಡ, ಎನಿಸಿಕೊಂಡ, ಎನ್ನಲಾದ, ಪದದ ಕೊನೆಯ ಏಕಾರ ಮತ್ತು ಊಕಾರ, ಇಷ್ಟನ್ನು ಪೆನ್ಸಿಲಿನಿಂದಲೇ ಹಿಡಿಯಬೇಕು.

ಇಂಗ್ಲಿಷ್ ಗದ್ಯದಲ್ಲಿ ಇದೇ ಕೆಲಸ ಮಾಡುವವು ಮಿಯರ್ಲಿ, ಸೋ-ಕಾಲ್ಡ್, ಪರ್ಪೋರ್ಟೆಡ್ಲಿ ಮುಂತಾದ ಪದಗಳು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಎರಡು ಪದಗುಚ್ಛಗಳಲ್ಲಿ ತಪ್ಪದೆ ಎಡವುತ್ತಾರೆ: ಟು ಬಿ ಶೂರ್ ಮತ್ತು ಗ್ರಾಂಟೆಡ್. ಮೊದಲನೆಯದನ್ನು ಲೇಖಕರು ಖಚಿತವಾಗಿ ಹೇಳುತ್ತಿದ್ದಾರೆ ಎಂದು ಓದುತ್ತಾರೆ. ವಾದದ ನಡುವೆ ಬಂದಾಗ ಎರಡರ ಕೆಲಸವೂ ಬೇರೆ. "ಹೌದು, ಅಷ್ಟನ್ನು ಒಪ್ಪೋಣ" ಎಂದು ಎದುರು ಪಕ್ಷಕ್ಕೆ ಒಂದು ಹೆಜ್ಜೆ ಬಿಟ್ಟುಕೊಡುವ ಮಾತುಗಳು ಅವು, ಮತ್ತು ಸಾಮಾನ್ಯವಾಗಿ ಅವುಗಳ ಬೆನ್ನಿಗೆ ಬಟ್ ಅಥವಾ ಯೆಟ್ ಬರುತ್ತದೆ. ನಮ್ಮ ಗದ್ಯದ "ನೀರನ್ನು ತಡೆಯಿತೆಂಬುದು ನಿಜ. ಆದರೆ" ಎಂಬ ಜೋಡಿ ಅವುಗಳ ಸರಿಯಾದ ಕನ್ನಡ ರೂಪ.

ತಿರುವಿನ ಪದದ ಹಿಂದಿರುವುದು ಬಿಟ್ಟುಕೊಟ್ಟದ್ದು, ಮುಂದಿರುವುದು ಲೇಖಕರು ಹಿಡಿದು ನಿಂತದ್ದು. ಎರಡೂ ಲೇಖಕರ ಮಾತೇ ಆದರೂ ಹೆಚ್ಚು ತೂಕ ಮುಂದಿನದಕ್ಕೆ.

ಹಂತ 4: ದಿಕ್ಕು ಮತ್ತು ಪ್ರಮಾಣವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ

ರಫ್ ಹಾಳೆಯಲ್ಲಿ ಅಡ್ಡಗೆರೆಯೊಂದನ್ನು ಎಳೆದು ಐದು ಚುಕ್ಕಿ ಇಡಿ: ಖಂಡನೆ, ಆಕ್ಷೇಪ, ತಟಸ್ಥ, ಒಪ್ಪಿಗೆ, ಪ್ರಶಂಸೆ. ಹಂತ 1ರಲ್ಲಿ ಗುರುತಿಸಿದ ಗುರಿಯ ಬಗ್ಗೆ ಲೇಖಕರು ಎಲ್ಲಿ ನಿಂತಿದ್ದಾರೆ ಎಂದು ಅಡ್ಡಗುರುತು ಹಾಕಿ, ಅದರ ಕೆಳಗೆ ನಾಲ್ಕೈದು ಪದಗಳಲ್ಲಿ ನಿಮ್ಮದೇ ಉತ್ತರ ಬರೆಯಿರಿ. ಒಡ್ಡಿನ ಯೋಜನೆಗೆ ನಾನು ಹೀಗೆ ಬರೆಯುತ್ತೇನೆ: "ಆಲೋಚನೆ ಸರಿ, ಆದರೆ ಊರನ್ನು ಮರೆತರು." ಅಡ್ಡಗುರುತು ಆಕ್ಷೇಪದ ಮೇಲೆ, ಸ್ವಲ್ಪ ನಡುವಿನ ಕಡೆಗೆ ವಾಲಿ ಬೀಳುತ್ತದೆ.

ಈ ಹಂತವನ್ನು ಬಿಟ್ಟು ನೇರ ಆಯ್ಕೆಗಳಿಗೆ ಹೋಗುವವರೇ ಬಹಳ. ಅರ್ಧ ನಿಮಿಷದ ಕೆಲಸವಿದು. ಆ ಅರ್ಧ ನಿಮಿಷ ಉಳಿಸಿದವರು ಎರಡು ಆಯ್ಕೆಗಳ ನಡುವೆ ಎರಡು ನಿಮಿಷ ತೂಗಾಡುತ್ತಾರೆ.

ಕಳೆದ ಸಲ ಈ ಗದ್ಯ ಕೊಟ್ಟಾಗ ಕುಮಟಾ ಕಡೆಯಿಂದ ಬರುವ ಹುಡುಗನೊಬ್ಬ "ತೀವ್ರ ವಿರೋಧ" ಎಂದೇ ಹಟ ಹಿಡಿದ. ಗುರುತುಗಳನ್ನು ಸರಿಯಾಗಿಯೇ ಹಾಕಿದ್ದ. "ಆಧಾರ ಯಾವ ಸಾಲಿನಲ್ಲಿ ಉಂಟು, ತೋರಿಸು" ಎಂದೆ. ಹುಡುಕಿ ಹುಡುಕಿ ಕೊನೆಗೆ, "ನಮ್ಮ ಅಜ್ಜನ ಗಜನಿ ಹೋದದ್ದು ಹೀಗೇ ಅಲ್ವಾ ಸರ್" ಎಂದ. ಅವನ ನೋವು ನಿಜವಾದದ್ದು, ಅದನ್ನು ಅಲ್ಲಗಳೆಯಲು ನನಗೆ ಮನಸ್ಸಾಗಲಿಲ್ಲ. ಆದರೆ ಗೆರೆಯ ಮೇಲೆ ಅವನು ಹಾಕಿದ್ದು ತನ್ನ ಗುರುತು, ಲೇಖಕರದ್ದಲ್ಲ. ವಿಷಯ ನಮ್ಮ ಮನೆಗೆ ಹತ್ತಿರವಾದಷ್ಟೂ ಈ ತಪ್ಪು ಹೆಚ್ಚು. ಕಾರವಾರದ ಕಡೆಯವರಿಗೆ ನೌಕಾನೆಲೆ ಅಥವಾ ಕೈಗಾದ ವಿಷಯ ಬಂದರೂ, ಘಟ್ಟದ ಮೇಲಿನವರಿಗೆ ಅಡಿಕೆಯ ವಿಷಯ ಬಂದರೂ ಹೀಗೆಯೇ ಆಗುತ್ತದೆ. ಪರಿಚಿತ ವಿಷಯ ಬಂದಾಗ ಅಡ್ಡಗುರುತಿನ ಪಕ್ಕದಲ್ಲಿ ಆಧಾರದ ಸಾಲಿನ ಸಂಖ್ಯೆಯನ್ನು ಬರೆಯದೆ ಮುಂದೆ ಹೋಗಬಾರದು. ಸಂಖ್ಯೆ ಬರೆಯಲು ಸಾಲು ಸಿಗದಿದ್ದರೆ ಆ ನಿಲುವು ನಿಮ್ಮದು.

ಹಂತ 5: ಈಗ ಆಯ್ಕೆಗಳನ್ನು ತೆರೆದು, ಪದಪದವನ್ನೂ ಪರೀಕ್ಷಿಸಿ

ಮೊದಲ ಪ್ರಶ್ನೆಯಲ್ಲಿ (ಅ) ಪ್ರಮಾಣದಲ್ಲಿ ಹೆಚ್ಚಾಯಿತು; "ತಪ್ಪಲ್ಲ" ಎಂದವರು ತೀವ್ರ ವಿರೋಧಿಗಳಲ್ಲ. (ಇ) ತಟಸ್ಥತೆ ಹಂತ 2ರಲ್ಲೇ ಬಿದ್ದುಹೋಯಿತು. (ಈ) ಹಂಬಲ ಎನ್ನಲು ಹಳೆಯ ಕಾಲ ಚೆನ್ನಾಗಿತ್ತು ಎಂಬ ಮಾತು ಬೇಕು. ಇಲ್ಲಿರುವುದು ಒಂದು ರಾತ್ರಿಯ ಉಬ್ಬರ ಬೆಳೆಯನ್ನು ನುಂಗಬಹುದಿತ್ತು ಎಂಬ ಮಾತು. ಉಳಿದದ್ದು (ಆ), ಮತ್ತು ಅದು ನಾವು ರಫ್ ಹಾಳೆಯಲ್ಲಿ ಬರೆದ ಮಾತಿಗೆ ಹೊಂದುತ್ತದೆ.

ಧಾಟಿಯ ಪ್ರಶ್ನೆಗೆ ಇನ್ನೊಂದು ಅಳತೆ ಬೇಕು. ನಿಲುವು ಎಂದರೆ ಲೇಖಕರು ಯಾವ ಕಡೆ ಎಷ್ಟು ದೂರ ನಿಂತಿದ್ದಾರೆ ಎಂಬುದು. ಧಾಟಿ ಎಂದರೆ ಅಲ್ಲಿ ನಿಂತು ಯಾವ ದನಿಯಲ್ಲಿ ಮಾತಾಡುತ್ತಿದ್ದಾರೆ ಎಂಬುದು. ಒಂದೇ ಆಕ್ಷೇಪವನ್ನು ಸಿಟ್ಟಿನಿಂದಲೂ, ಕಕ್ಕುಲತೆಯಿಂದಲೂ, ಕುಟುಕುತ್ತಲೂ ಹೇಳಬಹುದು. ಗದ್ಯದ ಎರಡು ವಾಕ್ಯಗಳನ್ನು ತುಟಿ ಅಲುಗಿಸದೆ ಮನಸ್ಸಿನಲ್ಲೇ ಗಟ್ಟಿಯಾಗಿ ಓದಿಕೊಂಡರೆ ದನಿ ಕೇಳುತ್ತದೆ. "ಬರೆದಿಡುವುದು ಒಳ್ಳೆಯದು" ಎಂಬುದು ಆಕ್ರೋಶದ ದನಿಯಲ್ಲ.

ಎರಡನೆಯ ಪ್ರಶ್ನೆಯ (ಆ) ಆಯ್ಕೆ ಅಪಾಯದ್ದು. "ಸಂಯಮದ" ಎಂಬ ಮೊದಲ ಪದ ಸರಿಯಾಗಿರುವುದರಿಂದ ಕಣ್ಣು ಅಲ್ಲೇ ತೃಪ್ತಿಪಟ್ಟು ಎರಡನೆಯ ಪದವನ್ನು ಹಗುರವಾಗಿ ದಾಟುತ್ತದೆ. ಹತಾಶರಾದವರು ಮುಂದಿನವರಿಗೆ ಸಲಹೆ ಕೊಡುವುದಿಲ್ಲ. ಕೊನೆಯ ವಾಕ್ಯ ಸಲಹೆಯದು. ಜೋಡಿ ಪದದ ಆಯ್ಕೆಯಲ್ಲಿ ಅರ್ಧ ತಪ್ಪಿದ್ದರೆ ಪೂರ್ತಿ ತಪ್ಪೆಂದೇ ತೆಗೆದುಹಾಕಬೇಕು. ಪರೀಕ್ಷಿಸುವಾಗ ಎರಡನೆಯ ಪದದಿಂದ ಆರಂಭಿಸುವುದು ನನ್ನ ಅನುಭವದಲ್ಲಿ ಹೆಚ್ಚು ಸುರಕ್ಷಿತ.

ವ್ಯಂಗ್ಯ ಎಂಬ ಉತ್ತರಕ್ಕೆ ಒಂದು ಖಚಿತ ಪರೀಕ್ಷೆಯಿದೆ. ಹೇಳಿದ ಮಾತಿಗೂ ಮನಸ್ಸಿನಲ್ಲಿರುವ ಮಾತಿಗೂ ನಡುವೆ ಅಂತರವಿರಬೇಕು. "ಉದ್ದೇಶವನ್ನು ಶಂಕಿಸಲು ಕಾರಣವೂ ಇಲ್ಲ" ಎಂಬುದನ್ನು ಕೆಲವರು ಚುಚ್ಚುಮಾತೆಂದು ಓದುತ್ತಾರೆ. ಅದರ ಹಿಂದಿನ ವಾಕ್ಯಗಳನ್ನು ನೋಡಿ: ರೈತರ ಶ್ರಮ, ಉಬ್ಬರದ ಭಯ, ಇವೆರಡೂ ಯೋಜನೆಗೆ ನಿಜವಾದ ಕಾರಣಗಳು. ಆಧಾರ ಕೊಟ್ಟು ಒಪ್ಪಿಕೊಂಡ ಮಾತು ನೇರವಾದದ್ದು. ಆಧಾರವಿಲ್ಲದೆ ಅತಿಯಾಗಿ ಹೊಗಳಿ, ಮುಂದಿನ ವಾಕ್ಯದಲ್ಲೇ ಆ ಹೊಗಳಿಕೆಯನ್ನು ಮುರಿಯುವ ಸಂಗತಿಯನ್ನು ಇಟ್ಟಿದ್ದರೆ ಆಗ ವ್ಯಂಗ್ಯ. ಹಾಗಾಗಿ ಇಲ್ಲಿ ಉತ್ತರ (ಇ).

ಇಂಗ್ಲಿಷ್ ಆಯ್ಕೆಗಳಲ್ಲಿ ಪದದ ಅರ್ಥವೇ ಮೋಸ ಮಾಡುವುದುಂಟು. ಕ್ವಾಲಿಫೈಡ್ ಅಪ್ರೂವಲ್ ಎಂದರೆ ಷರತ್ತು ಇಟ್ಟು ಕೊಟ್ಟ ಒಪ್ಪಿಗೆ. ಅರ್ಹತೆ ಎಂಬ ಅರ್ಥ ಹಿಡಿದು ಅದನ್ನು ಬಲವಾದ ಒಪ್ಪಿಗೆಯೆಂದು ಭಾವಿಸಿದರೆ ಉತ್ತರ ತಿರುಗುಮುರುಗಾಗುತ್ತದೆ. ಡಿಸ್‌ಇಂಟರೆಸ್ಟೆಡ್ ಎಂದರೆ ಪರೀಕ್ಷೆಯ ಮಟ್ಟಿಗೆ ಸ್ವಾರ್ಥವಿಲ್ಲದ, ಪಕ್ಷಪಾತವಿಲ್ಲದ ನಿಲುವು. ಆಸಕ್ತಿ ಇಲ್ಲದಿರುವುದಕ್ಕೆ ಇಂಡಿಫರೆಂಟ್ ಬರುತ್ತದೆ. ಆಂಬಿವಲೆಂಟ್ ಎಂದರೆ ಎರಡೂ ಕಡೆಗೆ ಮನಸ್ಸು ಎಳೆಯುವುದು, ಅಂದರೆ ಭಾವ ಇದೆ, ಎರಡೆರಡು ಇವೆ. ಸ್ಕೆಪ್ಟಿಕಲ್ ಆದವರು ಆಧಾರ ಕೇಳುತ್ತಾರೆ. ಸಿನಿಕಲ್ ಆದವರು ಮನುಷ್ಯರ ಉದ್ದೇಶವನ್ನೇ ನಂಬುವುದಿಲ್ಲ. ನಮ್ಮ ಗದ್ಯದ ಲೇಖಕರನ್ನು ಸಿನಿಕಲ್ ಎನ್ನಲಾಗದು, ಏಕೆಂದರೆ ಅವರು ಉದ್ದೇಶವನ್ನು ನಂಬಿದ್ದಾರೆ.

ಹಂತ 6: ಉದ್ದೇಶದ ಪ್ರಶ್ನೆಯಲ್ಲಿ ಮೊದಲು ಕ್ರಿಯಾಪದ ನೋಡಿ

ಉದ್ದೇಶದ ಆಯ್ಕೆಗಳಲ್ಲಿ ವಾಕ್ಯದ ಕೊನೆಯ ಕ್ರಿಯಾಪದವನ್ನು ಮಾತ್ರ ಒಮ್ಮೆ ಓದಿ: ವಿವರಿಸುವುದು, ವಾದಿಸುವುದು, ಸೂಚಿಸುವುದು, ಹೋಲಿಸುವುದು. ನಿಲುವಿನ ಗೆರೆಯ ಮೇಲೆ ಅಡ್ಡಗುರುತು ನಡುವಿನಿಂದ ಆಚೆಗೆ ಬಿದ್ದಿದ್ದರೆ, ಬರಿಯ ವಿವರಿಸುವುದು ಮತ್ತು ಬರಿಯ ಹೋಲಿಸುವುದು ಸಾಮಾನ್ಯವಾಗಿ ಉತ್ತರವಾಗುವುದಿಲ್ಲ. ಹೀಗೆ (ಅ) ಮತ್ತು (ಈ) ಹೋದವು. (ಆ) ಆಯ್ಕೆಯಲ್ಲಿ ಕ್ರಿಯಾಪದ ಒಪ್ಪಬಹುದಾದದ್ದೇ, ಆದರೆ ವ್ಯಾಪ್ತಿ ಮೀರಿತು: ಒಡ್ಡುಗಳನ್ನು ತೆಗೆಯಬೇಕೆಂದು ಲೇಖಕರು ಎಲ್ಲಿಯೂ ಹೇಳಿಲ್ಲ, ಮುಂದೆ ಕಟ್ಟಿಸುವವರಿಗೆ ಸಲಹೆ ಕೊಟ್ಟಿದ್ದಾರೆ. ಉತ್ತರ (ಇ).

ಇಡೀ ಗದ್ಯದ ಉದ್ದೇಶದ ಬದಲು ಒಂದು ವಿವರದ ಉದ್ದೇಶವನ್ನು ಕೇಳಿದಾಗ ಕ್ರಮ ಬದಲಾಗುತ್ತದೆ. "ಒಂದು ರಾತ್ರಿಯ ಉಬ್ಬರವನ್ನು ಲೇಖಕರು ಪ್ರಸ್ತಾಪಿಸಿದ್ದೇಕೆ?" ಎಂಬ ಪ್ರಶ್ನೆಗೆ, ಉಬ್ಬರದ ಅಪಾಯ ತಿಳಿಸಲು ಎಂಬುದು ಉತ್ತರವಾಗದು, ಅದು ಆ ವಾಕ್ಯ ಏನು ಹೇಳುತ್ತದೆ ಎಂಬುದಷ್ಟೇ. ಆ ವಾಕ್ಯ ಯಾವುದಕ್ಕೆ ಊರುಗೋಲಾಗಿದೆ ಎಂದು ತಿಳಿಯಲು ಅದರ ಮುಂದಿನ ವಾಕ್ಯದ ಮೊದಲ ಪದ ನೋಡಬೇಕು. ಅಲ್ಲಿ "ಆದ್ದರಿಂದ" ಎಂದಿದೆ. ಅಂದಮೇಲೆ ಸರ್ಕಾರದ ನಡೆಗೆ ಸಕಾರಣವಿತ್ತು ಎಂದು ಒಪ್ಪಿಕೊಳ್ಳುವುದಕ್ಕಾಗಿ ಆ ವಿವರ ಬಂದಿದೆ. ಏನು ಹೇಳಿದೆ ಎಂಬ ಉತ್ತರವನ್ನು ಏಕೆ ಹೇಳಿದೆ ಎಂಬ ಪ್ರಶ್ನೆಗೆ ಕೊಡುವ ಆಯ್ಕೆ ಇಂಥ ಪ್ರಶ್ನೆಗಳಲ್ಲಿ ಹೆಚ್ಚಾಗಿ ಇದ್ದೇ ಇರುತ್ತದೆ. ಗದ್ಯದ ಪದಗಳನ್ನೇ ಹಾಗೆಹಾಗೇ ಎತ್ತಿಟ್ಟಿರುವುದರಿಂದ ಅದು ನೋಡಲು ಅತ್ಯಂತ ಸರಿಯಾಗಿ ಕಾಣುತ್ತದೆ.

ಹಂತ 7: ಎರಡು ಆಯ್ಕೆ ಉಳಿದು ನಿಂತಾಗ

ಇಷ್ಟು ಮಾಡಿದ ಮೇಲೂ ಎರಡು ಉಳಿದರೆ, ಆ ಎರಡರ ನಡುವೆ ಯಾವ ಪದ ಬೇರೆಯಿದೆ ಎಂದು ಮಾತ್ರ ನೋಡಿ. ಆ ಪದಕ್ಕೆ ಗದ್ಯದಲ್ಲಿ ಸಾಲು ಹುಡುಕಿ. ಎರಡಕ್ಕೂ ಸಾಲು ಸಿಕ್ಕರೆ ಪ್ರಮಾಣ ಕಡಿಮೆ ಇರುವುದನ್ನು ಆರಿಸುವುದು ಮೇಲು, ಏಕೆಂದರೆ ಮೃದು ಪದವನ್ನು ಸಮರ್ಥಿಸಲು ಕಡಿಮೆ ಆಧಾರ ಸಾಕು. ಇದನ್ನು ಮೊದಲ ಹಂತದಲ್ಲೇ ನಿಯಮದಂತೆ ಬಳಸಬೇಡಿ. ಲೇಖಕರು ನಿಜವಾಗಿಯೂ ಸಿಟ್ಟಿನಿಂದ ಬರೆದ ಗದ್ಯಗಳೂ ಬರುತ್ತವೆ, ಅಲ್ಲಿ ಮೃದು ಉತ್ತರವೇ ತಪ್ಪು.

ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಬಿಟ್ಟುಬಿಡಬೇಕೇ ಎಂದು ಕೇಳುತ್ತಾರೆ. ಕ್ಯಾಟ್‌ನ ಬಹುಆಯ್ಕೆ ಪ್ರಶ್ನೆಗಳಲ್ಲಿ ಸರಿಯುತ್ತರಕ್ಕೆ 3 ಅಂಕ ಬರುತ್ತದೆ, ತಪ್ಪಿಗೆ 1 ಹೋಗುತ್ತದೆ. ಯುಪಿಎಸ್‌ಸಿಯ ಸಿಸ್ಯಾಟ್‌ನಲ್ಲಿ ಸರಿಗೆ 2.5 ಅಂಕ, ತಪ್ಪಿಗೆ ಅದರ ಮೂರನೆಯ ಒಂದು ಭಾಗ ಕಡಿತ. ಎರಡು ಆಯ್ಕೆಗಳನ್ನು ಆಧಾರಸಹಿತ ತೆಗೆದುಹಾಕಿದ್ದರೆ ಎರಡೂ ಕಡೆ ಉತ್ತರಿಸುವುದೇ ಲಾಭ. ಒಂದನ್ನೂ ತೆಗೆಯಲಾಗದಿದ್ದರೆ ಗದ್ಯವೇ ಹಿಡಿತಕ್ಕೆ ಬಂದಿಲ್ಲವೆಂದು ಅರ್ಥ. ಮುಂದಿನ ಪ್ರಶ್ನೆಗೆ ಹೋಗಿ.

ಹಂತ 8: ತಪ್ಪಿನ ಪಟ್ಟಿ ಇಡುವ ಬಗೆ

ಅಭ್ಯಾಸದ ದಿನ ಉತ್ತರ ತಾಳೆ ನೋಡಿದ ಮೇಲೆ ಪ್ರತಿ ತಪ್ಪಿನ ಎದುರು ಕಾರಣವನ್ನು ಒಂದೆರಡು ಪದಗಳಲ್ಲಿ ಬರೆಯಬೇಕು: ಗುರಿ ತಪ್ಪಿತು, ಪರರ ಮಾತು, ಪ್ರಮಾಣ ಹೆಚ್ಚು, ನನ್ನ ನಿಲುವು, ಅರ್ಧ ಸರಿ, ಪದದ ಅರ್ಥ, ಏಕೆ ಬದಲು ಏನು. "ಗಮನ ಕೊಡಲಿಲ್ಲ" ಎಂದು ಬರೆಯಬಾರದು. ಅದರಿಂದ ಮುಂದಿನ ಸಲ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹತ್ತು ಗದ್ಯಗಳಾದ ಮೇಲೆ ಪಟ್ಟಿಯನ್ನು ಎಣಿಸಿದರೆ ಪ್ರತಿಯೊಬ್ಬರಿಗೂ ಒಂದೋ ಎರಡೋ ಕಾರಣಗಳೇ ಮತ್ತೆ ಮತ್ತೆ ಬಂದಿರುತ್ತವೆ. ಕುಮಟಾದ ಆ ಹುಡುಗನ ಪಟ್ಟಿಯಲ್ಲಿ "ನನ್ನ ನಿಲುವು" ಎಂಬುದೇ ಹೆಚ್ಚಿತ್ತು. ಅವನಿಗೆ ನಾನು ಹೇಳಿದ್ದು ಇಷ್ಟೆ: ತಾನು ಒಪ್ಪದ ಸಂಪಾದಕೀಯವೊಂದನ್ನು ದಿನಕ್ಕೊಂದರಂತೆ ಆರಿಸಿ, ಅದರ ಲೇಖಕರ ನಿಲುವನ್ನು ಅವರೇ ಓದಿದರೂ "ಹೌದು, ನಾನು ಹೇಳಿದ್ದು ಇದೇ" ಎನ್ನುವಂತೆ ಒಂದು ವಾಕ್ಯದಲ್ಲಿ ಬರೆದು, ಪಕ್ಕದಲ್ಲಿ ಆಧಾರದ ಸಾಲಿನ ಸಂಖ್ಯೆ ಹಾಕಿ ತರಬೇಕು.